ಮಾಳಗಿ ಮ್ಯಾಲ ಸೋಲಾರ್: ಜೆಸ್ಕಾಂಗೆ ಕೊಡೋ ಅರ್ಜಿ ಬರದೀನಿ, ತಪ್ಪಿದ್ರ ತಿದ್ದ್ರಿ

ಮಾಳಗಿ_ಮನಿ

ಎಲ್ಲಾರಿಗೂ ನಮಸ್ಕಾರ್ರಿ. ನಾವು ಕಲಬುರಗಿಯವರು, ಹಳೇ ಮನಿ, ತಾಯಿ, ನಾವು ಗಂಡ ಹೆಂಡತಿ, ತಮ್ಮನ ಕುಟುಂಬ ಎಲ್ಲಾ ಕೂಡೇ ಅದೀವಿ. ಬ್ಯಾಸಗಿಯೊಳಗ ಎರಡು ಕೂಲರ್ ಒಂದು ಎ.ಸಿ. ನಡೀತಾವ, ಮೇ ತಿಂಗಳ ಬಿಲ್ 460 ಯೂನಿಟ್ ಬಂದದ. ಅದಕ್ಕ ಮಾಳಗಿ ಮ್ಯಾಲ ಸೋಲಾರ್ ಹಾಕಿಸ್ಬೇಕು ಅಂತ ನಿರ್ಧಾರ ಮಾಡೀವಿ, ಬ್ಯಾಟರಿ ಇಲ್ದ ಲೈನಿಗೇ ಜೋಡ್ಸೋದು. ವೆಂಡರ್ ಒಬ್ರು ಬಂದು ನೋಡಿ 5 ಕಿಲೋವ್ಯಾಟ್ ಹಾಕ್ರಿ ಅಂದಾರ. ನಾಳೆ ಸಬ್‌ಡಿವಿಜನ್ ಆಫೀಸಿಗೆ ಅರ್ಜಿ ಕೊಡ್ಬೇಕು ಅಂತ ಹೀಂಗ ಬರದೀನಿ:

"ಮಾನ್ಯರೇ, ನಾನು ಮೇಲ್ಕಂಡ ವಿಳಾಸದ ನಿವಾಸಿಯಾಗಿದ್ದು, ನಮ್ಮ ಮನೆಯ ಮೇಲೆ 5 ಕಿಲೋವ್ಯಾಟ್ ಸೋಲಾರ್ ಅಳವಡಿಸಲು ಇಚ್ಛಿಸಿರುತ್ತೇನೆ. ಕಾರಣ ತಾವು ದಯಾಳುಗಳಾಗಿ ಅನುಮತಿ ನೀಡಿ ಸಬ್ಸಿಡಿ ಮಂಜೂರು ಮಾಡಬೇಕಾಗಿ ವಿನಂತಿ."

ಕೆಳಗ ನನ್ನ ಸಹಿ. ಇಷ್ಟು ಸಾಕಾ, ಇನ್ನೇನರ ಸೇರಿಸ್ಬೇಕಾ? ಮೀಟರ್ ಇನ್ನೂ ನಮ್ಮಪ್ಪನ ಹೆಸರಿನ್ಯಾಗೇ ಅದ, ಅಪ್ಪ ತೀರ್ಕೊಂಡು ನಾಕು ವರ್ಷ ಆಯ್ತು, ಬಿಲ್ ಮಾತ್ರ ತಪ್ಪದ ಕಟ್ಕೋತ ಬಂದೀವಿ. ಅದ್ರಿಂದ ಏನರ ಅಡಚಣಿ ಆಗ್ತದಾ?

ಭೀಮಾತೀರ

ಅಣ್ಣಾ ಕಾಗದದ ಅರ್ಜಿ ಈಗ ಯಾರೂ ತಗೊಳ್ಳಲ್ಲ, ಎಲ್ಲಾ ಆನ್‌ಲೈನ್ ಆಗ್ಯದ. pmsuryaghar.gov.in ಒಳಗ ಹೋಗಿ ರಾಜ್ಯ, ಕಂಪನಿ, ಕರೆಂಟ್ ಬಿಲ್ಲಿನ ಮ್ಯಾಲಿನ ಅಕೌಂಟ್ ನಂಬರ್ ಹಾಕಿ ಮೊಬೈಲಿಗೆ ಓಟಿಪಿ ತಗೊಂಡ್ರ ಮುಗೀತು. ಇನ್ನೊಂದು, ನಿಮ್ಮ ಮಂಜೂರಾದ ಲೋಡ್ ಎಷ್ಟದೋ ಅದಕ್ಕಿಂತ ಜಾಸ್ತಿ ಸೋಲಾರ್ ಹಾಕಾಕ ಬರಂಗಿಲ್ಲ, ಮೊದಲ ಲೋಡ್ ಹೆಚ್ಚಿಸ್ಕೊಂಡು ಡಿಪಾಜಿಟ್ ಕಟ್ಟಿ ಆಮ್ಯಾಲ ಅರ್ಜಿ ಹಾಕ್ಬೇಕು.

ಹಳೇ_ಮೀಟರ್

ನಾನು ಲೈಸೆನ್ಸ್ ಇರೋ ವಿದ್ಯುತ್ ಗುತ್ತಿಗೆದಾರ, 22 ವರ್ಷದಿಂದ ಇದೇ ಕೆಲಸ, ಸೋಲಾರ್ ಫೈಲ್ ಭಾಳ ನೋಡೀನಿ. ಭೀಮಾತೀರ ಅವ್ರು ಅರ್ಧ ಖರೆ ಹೇಳ್ಯಾರ. ಸಬ್ಸಿಡಿ ಬೇಕಂದ್ರ ಪೋರ್ಟಲ್ ಬಿಟ್ಟು ಬ್ಯಾರೆ ದಾರಿ ಇಲ್ಲ, ಅದು ಹೌದು. ಸಬ್ಸಿಡಿ ಮಂಜೂರು ಮಾಡ್ರಿ ಅಂತ ಸಬ್‌ಡಿವಿಜನ್‌ಗೆ ಬರದ್ರ ಉಪಯೋಗ ಇಲ್ಲ, ಅದು ಕೇಂದ್ರದ ಯೋಜನಾ, ರೊಕ್ಕ ನೇರ ಬ್ಯಾಂಕಿಗೆ ಬರ್ತದ, ಆ ಸಾಲು ತೆಗೀರಿ. ಆದ್ರ ನಿಮ್ಮಂಥ ಫೈಲಿಗೆ, ಅಂದ್ರ ಹೆಸರು ಕೂಡದೇ ಇರೋ ಫೈಲಿಗೆ, ಕಾಗದದ ಅರ್ಜಿನೂ ಬೇಕು. ಅದನ್ನ ಎರಡು ಪ್ರತಿ ಮಾಡಿ ಒಂದು ಕೊಟ್ಟು ಇನ್ನೊಂದರ ಮ್ಯಾಲ ಸೀಲು, ತಾರೀಖು, ಆವಕ ನಂಬರ್ ಹಾಕಿಸ್ಕೊಂಡು ಬರ್ರಿ.

ತಾರೀಖು ಯಾಕಂದ್ರ, 2024ರ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮದ ಪ್ರಕಾರ 10 ಕಿಲೋವ್ಯಾಟ್ ತನಕ ಮಾಳಗಿ ಸೋಲಾರ್ ಅರ್ಜಿ ತಾಂತ್ರಿಕ ಪರಿಶೀಲನೆ ಇಲ್ಲದೇ ಒಪ್ಪಿಗೆ ಆದಂಗೇ ಲೆಕ್ಕ. ಆದ್ರ ಅಲ್ಲಿ ಒಂದು ಮಾತು ಅದ, ಅರ್ಜಿ "ಎಲ್ಲಾ ರೀತಿಯಿಂದ ಪೂರ್ಣ" ಇರ್ಬೇಕು. ನೀವು ಬರದದ್ದು ಪೂರ್ಣ ಇಲ್ರಿ. ಆರ್.ಆರ್. ನಂಬರ್ ಇಲ್ಲ, ಮಂಜೂರಾದ ಲೋಡ್ ಇಲ್ಲ, ಒಂದು ಫೇಸಾ ಮೂರು ಫೇಸಾ ಇಲ್ಲ, ಲೈನಿಂದ ಬಂದ ಯೂನಿಟ್, ಲೈನಿಗೆ ಹೋದ ಯೂನಿಟ್ ಎರಡೂ ಅಳಿಯೋ ನೆಟ್ ಮೀಟರ್ ಬೇಕು ಅನ್ನೋ ಮಾತೇ ಇಲ್ಲ, ಸಹಿ ಮಾಡಿದವರು ಗ್ರಾಹಕರೇ ಅಲ್ಲ. ಇಂಥ ಅರ್ಜಿಗೆ ಆ ನಿಯಮ ಹತ್ತಂಗಿಲ್ಲ.

ಲೋಡ್ ವಿಷಯಕ್ಕೂ ಅದೇ ನಿಯಮದಾಗ ಉತ್ತರ ಅದ. 10 ಕಿಲೋವ್ಯಾಟ್ ಒಳಗ ಇದ್ರ, ಘಟಕಕ್ಕ ತಕ್ಕಂಗ ಲೋಡ್ ಹೆಚ್ಚಿಸೋದು ಬೇಕಾದ್ರ ಕಂಪನಿಯವ್ರೇ ಮಾಡ್ಬೇಕು, ಹೆಚ್ಚಿಸಿ ಬರ್ರಿ ಅಂತ ಮೊದಲೇ ನಿಮ್ಮನ್ನ ನಿಲ್ಸಂಗಿಲ್ಲ. ಆದ್ರ ಲೋಡ್ ಹೆಚ್ಚಾದ್ರ ನಿಗದಿತ ಶುಲ್ಕನೂ ಹೆಚ್ಚಾಗ್ತದ, ಅದು ಕಿಲೋವ್ಯಾಟ್ ಲೆಕ್ಕದ ಮ್ಯಾಲ ತಿಂಗಳಾ ಬರೋದು, ಸೋಲಾರ್ ಎಷ್ಟು ಮಾಡಿದ್ರೂ ಅದು ಇಳಿಯಂಗಿಲ್ಲ.

ನಿಮ್ಮ ಬಿಲ್ಲಿನ್ಯಾಗ ಮಂಜೂರಾದ ಲೋಡ್ ಎಷ್ಟದ, ಮತ್ತ 12 ತಿಂಗಳ ಯೂನಿಟ್ ಕೂಡಿಸಿದ್ರ ಎಷ್ಟಾಗ್ತದ, ಹೇಳ್ರಿ. 5 ಕಿಲೋವ್ಯಾಟ್ ಯಾಕ ಅಂತ ಆಮ್ಯಾಲ ನೋಡೋಣು.

ತೊಗರಿ_ಕಣಜ

ಸರ್ ನಂದು ಯಾದಗಿರಿ ಕಡಿ, ತೊಗರಿ ಹೊಲದಾಗ ಬೋರ್ ಅದ, 5 ಎಚ್.ಪಿ. ಮೋಟರ್. ಸೋಲಾರಿಗೆ ಈ ಅರ್ಜಿನೇ ಕೊಟ್ರ ನಡೀತದಾ? ಹಗಲು ಕರೆಂಟ್ ಸಿಕ್ರ ರಾತ್ರಿ ನೀರು ಬಿಡಾಕ ಹೋಗೋದು ತಪ್ತದ.

ಹಳೇ_ಮೀಟರ್

ಇಲ್ರಿ ತಮ್ಮಾ, ಇದು ಮನಿ ಮೀಟರಿಗೆ. ಪಂಪ್‌ಸೆಟ್ಟಿಗೆ ಕುಸುಮ್ ಅಂತ ಬ್ಯಾರೆ ಯೋಜನಾ ಅದ, ಅರ್ಜಿ ಬ್ಯಾರೆ, ಸಬ್ಸಿಡಿ ಬ್ಯಾರೆ. ಇಲ್ಲಿ ಹೇಳಿದ ಯಾವ ಲೆಕ್ಕನೂ ಅಲ್ಲಿ ಹಿಡೀಬ್ಯಾಡ್ರಿ. ಪಹಣಿ, ಬೋರಿನ ಆರ್.ಆರ್. ನಂಬರ್ ಹಿಡ್ಕೊಂಡು ನಿಮ್ಮ ಸೆಕ್ಷನ್ ಆಫೀಸಿನ್ಯಾಗ ಕೇಳ್ರಿ.

ಮಾಳಗಿ_ಮನಿ

ಹಳೇ ಮೀಟರ್ ಸರ್, ಬಿಲ್ ಎಲ್ಲಾ ಹುಡುಕಿ ಕೂಡಿಸಿದೆ. ಮಂಜೂರಾದ ಲೋಡ್ 3 ಕಿಲೋವ್ಯಾಟ್, ಒಂದು ಫೇಸ್. ವರ್ಷಕ್ಕ 3,480 ಯೂನಿಟ್. ಭಾಳ ಅಂದ್ರ ಮೇ 460, ಕಡಿಮಿ ಅಂದ್ರ ಜನವರಿ 190. ಡಿಸೆಂಬರ್ ಜನವರಿ ಎರಡೇ ತಿಂಗಳು 200 ದಾಟಿಲ್ಲ, ಹಂಗಾಗಿ ಗೃಹಜ್ಯೋತಿ ನಮಗ ಅಷ್ಟು ಉಪಯೋಗಕ್ಕ ಬರವಲ್ದು.

ಹಳೇ_ಮೀಟರ್

3,480 ಅಂದ್ರ ತಿಂಗಳಿಗೆ ಸರಾಸರಿ 290. ನಮ್ಮ ಕಡಿ ಒಂದು ಕಿಲೋವ್ಯಾಟ್ ದಿನಕ್ಕ ಸುಮಾರು 4 ಯೂನಿಟ್ ಕೊಡ್ತದ, ವರ್ಷದ ಸರಾಸರಿ. 3 ಕಿಲೋವ್ಯಾಟ್ ಅಂದ್ರ ದಿನಕ್ಕ 12, ತಿಂಗಳಿಗೆ 350 ಸಮೀಪ. ಧೂಳು, ಮ್ವಾಡ, ಬಿಸಿಲಿಗೆ ಪ್ಯಾನಲ್ ಕಾದು ಇಳಿಯೋದು ಅಂತ ಸ್ವಲ್ಪ ಕಡಿಮಿ ಹಿಡಿದ್ರೂ ನಿಮ್ಮ 290 ಮುಟ್ತದ. 5 ಹಾಕಿದ್ರ 600, ಅರ್ಧಕ್ಕರ್ಧ ಲೈನಿಗೆ ಹೋಗ್ತದ. ಹೋದ ಯೂನಿಟ್ ನಿಮ್ಮ ಬಳಕೆಯೊಳಗ ಕಳೀತಾರ, ಅದು ಲಾಭ. ಕಳದು ಉಳದದ್ದಕ್ಕ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತು ಮಾಡಿದ ದರ ಕೊಡ್ತಾರ, ನೀವು ಕೊಳ್ಳೋ ದರ ಸಿಗಂಗಿಲ್ಲ.

ಇನ್ನ ಸಬ್ಸಿಡಿ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೇದಕ್ಕ 18,000, ಒಟ್ಟು 78,000. ಅಲ್ಲಿಗೆ ನಿಂತು ಬಿಡ್ತದ, 5 ಹಾಕಿದ್ರೂ ಅದೇ 78,000. ಮ್ಯಾಲಿನ ಎರಡು ಕಿಲೋವ್ಯಾಟ್ ಪೂರಾ ನಿಮ್ಮ ಕೈಯಿಂದ. 3 ಹಾಕಿದ್ರ ಲೋಡ್ 3ಕ್ಕ 3 ಕೂಡ್ತದ, ಹೆಚ್ಚಿಸೋ ಪ್ರಶ್ನೆನೇ ಬರಲ್ಲ, ನಿಗದಿತ ಶುಲ್ಕ ಇದ್ದಲ್ಲೇ ಇರ್ತದ. ನನ್ನ ಮಾತು ಕೇಳಿದ್ರ ಅರ್ಜಿಯೊಳಗ 5 ಹೊಡದು 3 ಬರೀರಿ. ಒಂದು ಖಬರ್ ಇರ್ಲಿ, ಪ್ಯಾನಲ್ಲು ಇನ್ವರ್ಟರು ಎರಡರಾಗ ಯಾವುದು ಸಣ್ಣದೋ ಅದ್ರ ಮ್ಯಾಲ ಸಬ್ಸಿಡಿ ಲೆಕ್ಕ. 540 ವ್ಯಾಟಿನ ಆರು ಪ್ಯಾನಲ್ ಹಾಕಿದ್ರ 3.24 ಆಗ್ತದ, ಇನ್ವರ್ಟರ್ 3ರದ್ದು ಇದ್ರ 3 ಅಂತೇ ಹಿಡೀತಾರ. 3ರ ಕೆಳಗ ಮಾತ್ರ ಇಳೀಬಾರದು.

ಬಿದರಿ_ಅಕ್ಕ

ನಮ್ಮ ಬೀದರಿನ ಮನಿದು ಒಂದು ಹೇಳ್ತೀನಿ, ನಿಮಗ ಉಪಯೋಗ ಆಗಬಹುದು. ನಮ್ಮದು ಮ್ಯಾಲ ಕೆಳಗ ಎರಡು ಮೀಟರ್, ಕೆಳಗ ನಾವು, ಮ್ಯಾಲ ಬಾಡಿಗಿಯವ್ರು. ನಾನೇ ಅರ್ಜಿ ತುಂಬಿದೆ, ಅವಸರದಾಗ ಕೈಗೆ ಸಿಕ್ಕ ಬಿಲ್ ನೋಡಿ ನಂಬರ್ ಹಾಕಿಬಿಟ್ಟೆ, ಅದು ಬಾಡಿಗಿಯವ್ರ ಮೀಟರಿಂದಾಗಿತ್ತು. ಪ್ಯಾನಲ್ ಬಂದು, ವಾಯರ್ ಎಳದು, ನೆಟ್ ಮೀಟರ್ ಕೂಡ್ಸೋ ದಿನ ಗೊತ್ತಾಯ್ತು. ಯಾವ ಆರ್.ಆರ್. ನಂಬರಿಗೆ ಒಪ್ಪಿಗೆ ಆಗ್ಯದೋ ಅದೇ ಮೀಟರ್ ಬದಲಾಗ್ತದ, ಯೂನಿಟ್ಟೂ ಅದೇ ಬಿಲ್ಲಿನ್ಯಾಗೇ ಕಳೀತಾವ. ಮತ್ತ ಮೊದಲಿಂದ ಮಾಡಿದ್ವಿ, ಎರಡು ತಿಂಗಳು ಪ್ಯಾನಲ್ ಬಿಸಿಲಿಗೆ ಸುಮ್ನ ಕುಂತಿದ್ವು. ಮೀಟರಿನ ಮ್ಯಾಲಿನ ನಂಬರು ಬಿಲ್ಲಿನ ನಂಬರು ಎರಡೂ ಮುಂದ ಇಟ್ಕೊಂಡು ಕೂಡ್ಸಿ ನೋಡಿ ಬರೀರಿ ಅಣ್ಣಾ.

ನನಗೊಂದು ಪ್ರಶ್ನೆ ಅದ, ಕರೆಂಟ್ ಹೋದಾಗ ನಮ್ಮ ಸೋಲಾರ್ ಸಹಿತ ಬಂದ್ ಆಗ್ತದ. ಬಿಸಿಲು ಬೆಂಕಿ ಇದ್ದಂಗ ಇರ್ತದ, ಫ್ಯಾನ್ ತಿರುಗಲ್ಲ. ಇನ್ವರ್ಟರ್ ಕೆಟ್ಟದೇನ್ರಿ?

ಹಳೇ_ಮೀಟರ್

ಕೆಟ್ಟಿಲ್ಲ ಅಕ್ಕಾ, ಅದು ಹಂಗೇ ಇರ್ಬೇಕು. ಲೈನ್ ಬಂದ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಗಿಯಿಂದ ಕರೆಂಟ್ ಹೋಗಿ ಹೊಡೀಬಾರದು ಅಂತ, ಲೈನಿನ್ಯಾಗ ಕರೆಂಟ್ ಇಲ್ಲ ಅಂತ ತಿಳಿದ ಕೂಡ್ಲೆ ಇನ್ವರ್ಟರ್ ತಾನೇ ನಿಲ್ತದ. ಬರಾ ಬರಾ ಲೈನ್ ಹೋಗೋ ಕಡಿ ಬ್ಯಾಟರಿ ಇರೋ ಹೈಬ್ರಿಡ್ ಇನ್ವರ್ಟರ್ ಬೇಕಾಗ್ತದ, ಖರ್ಚು ಭಾಳ.

ಮಾಳಗಿ ಮನಿ ಅವ್ರೇ, ಈಗ ಹೆಸರಿನ ಮಾತು. ಫೈಲ್ ನಿಲ್ಲೋದು ಇಲ್ಲೇ. ತೀರಿಹೋದವರ ಹೆಸರಿನ ಮೀಟರಿಗೆ ಮಗ ಸಹಿ ಹಾಕಿ ಅರ್ಜಿ ಕೊಟ್ರ, ಮುಂದ ನೆಟ್ ಮೀಟರಿಂಗ್ ಒಪ್ಪಂದಕ್ಕ ಸಹಿ ಯಾರು ಹಾಕ್ಬೇಕು? ಸಬ್ಸಿಡಿ ಬರೋ ಬ್ಯಾಂಕ್ ಖಾತೆ ಯಾರದ್ದು? ಬಿಲ್ಲಿನ ಹೆಸರು ಬ್ಯಾಂಕಿನ ಹೆಸರು ಕೂಡದಿದ್ರ ಕೊನೀ ಹಂತದಾಗ, ಅಂದ್ರ ನೀವು ವೆಂಡರಿಗೆ ಪೂರಾ ರೊಕ್ಕ ಕೊಟ್ಟಾದ ಮ್ಯಾಲ, ಸಬ್ಸಿಡಿ ಸಿಕ್ಕಿಬೀಳ್ತದ. ಮೊದಲ ಮೀಟರ್ ಹೆಸರು ಬದಲಿ ಮಾಡಿಸ್ರಿ. ತಾಯಿಯವ್ರು ಇದ್ದಾರಲ್ಲ, ಅವರ ಹೆಸರಿಗೆ ಮಾಡಿದ್ರ ಅಣ್ಣ ತಮ್ಮ ಇಬ್ಬರಿಗೂ ತಕರಾರು ಇರಲ್ಲ. ಮರಣ ಪ್ರಮಾಣಪತ್ರ, ವಂಶಾವಳಿ, ಪಾಲಿಕೆಯ ತೆರಿಗಿ ರಶೀದಿ, ನಿಮ್ಮದೂ ತಮ್ಮನದೂ ಒಪ್ಪಿಗೆ ಪತ್ರ, ಬಾಕಿ ಇಲ್ಲದ ಕೊನೀ ಬಿಲ್, ಇಷ್ಟು ಹಿಡ್ಕೊಂಡು ಹೋಗ್ರಿ. ಅಕ್ಕ ತಂಗಿ ಇದ್ರ ಅವರ ಒಪ್ಪಿಗೆನೂ ಬೇಕು.

ಎರಡೂ ಒಂದೇ ಅರ್ಜಿಯೊಳಗ ಬರೀಬ್ಯಾಡ್ರಿ. ಹೆಸರು ಬದಲಿ ಒಂದು ಟೇಬಲ್ಲು, ಸೋಲಾರ್ ಇನ್ನೊಂದು ಟೇಬಲ್ಲು.

ಭೀಮಾತೀರ

ಲೋಡ್ ನಿಯಮ ಬದಲಾಗಿದ್ದು ಗೊತ್ತಿದ್ದಿಲ್ಲ ಸರ್. ನಮ್ಮ ಕಾಕಾಗ 2022ರಾಗ ಲೋಡ್ ಹೆಚ್ಚಿಸ್ಕೊಂಡು ಬರ್ರಿ ಅಂದಿದ್ರು, ಅದೇ ತಲಿಯಾಗ ಇತ್ತು. ಆದ್ರ 5 ಬ್ಯಾಡ ಅನ್ನೋದು ನಾನು ಒಪ್ಪಲ್ರಿ. ಮಕ್ಕಳು ದೊಡ್ಡವರಾಗ್ತಾರ, ಇನ್ನೊಂದು ಎ.ಸಿ. ಬರ್ತದ, ನಾಳೆ ಎಲೆಕ್ಟ್ರಿಕ್ ಗಾಡಿ ತಗೋತಾರ. ಆಗ ಮತ್ತ ಅರ್ಜಿ, ಮತ್ತ ವೆಂಡರ್, ಮತ್ತ ಸ್ಟ್ರಕ್ಚರ್. ಒಮ್ಮೆ ಮಾಡೋ ಕೆಲಸ ದೊಡ್ಡದಾಗೇ ಮಾಡ್ಲಿ.

ಹಳೇ_ಮೀಟರ್

ನಿಮ್ಮ ಮಾತಿನ್ಯಾಗೂ ತೂಕ ಅದ. ಗಾಡಿ ತಗೊಳ್ಳೋದು ಗಟ್ಟಿ ಇದ್ರ 4 ಅಥವಾ 5 ವಿಚಾರ ಮಾಡ್ಲಿ. ಬರೇ ಅಂದಾಜಿನ ಮ್ಯಾಲ ಬ್ಯಾಡ ಅಂತೀನಿ ಅಷ್ಟೇ. ಮನಿಯವ್ರು ಕುಂತು ತೀರ್ಮಾನ ಮಾಡೋ ವಿಷಯ ಅದು.

ಮಾಳಗಿ_ಮನಿ

ಅವ್ವನ ಕೂಡ ತಮ್ಮನ ಕೂಡ ಕುಂತು ಮಾತಾಡಿದ್ವಿ, 3ಕ್ಕೇ ಒಪ್ಪೀವಿ. ತಂಗಿ ಬೀದರಿಗೆ ಕೊಟ್ಟೀವಿ, ಆಕಿ ಮುಂದಿನ ವಾರ ಬಂದು ಸಹಿ ಹಾಕ್ತೀನಿ ಅಂದಾಳ. ಹೆಸರು ಬದಲಿ ಆದ ಮ್ಯಾಲ ಕೊಡಾಕ ಸೋಲಾರ್ ಅರ್ಜಿ ಅವ್ವನ ಹೆಸರಿನ್ಯಾಗ ಮತ್ತ ಬರದೀನಿ, ನೋಡ್ರಿ:

ಇವರಿಗೆ,
ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿ),
ಕಾರ್ಯ ಮತ್ತು ಪಾಲನೆ ಉಪವಿಭಾಗ, ಜೆಸ್ಕಾಂ, ಕಲಬುರಗಿ.

ವಿಷಯ: ಆರ್.ಆರ್. ನಂಬರ್ ........ ಗೃಹ ಬಳಕೆ ಸ್ಥಾವರಕ್ಕೆ 3 ಕಿ.ವ್ಯಾ. ಮೇಲ್ಛಾವಣಿ ಸೌರ ಘಟಕವನ್ನು ನೆಟ್ ಮೀಟರಿಂಗ್ ಪದ್ಧತಿಯಲ್ಲಿ ಜೋಡಿಸಲು ಮಂಜೂರಾತಿ ಕೋರಿ.

ಮಾನ್ಯರೇ,
ಮೇಲ್ಕಂಡ ಸ್ಥಾವರದ ಗ್ರಾಹಕಳು ನಾನೇ ಆಗಿರುತ್ತೇನೆ. ಮಂಜೂರಾದ ಹೊರೆ 3 ಕಿ.ವ್ಯಾ., ಒಂದು ಫೇಸ್. ಕಳೆದ 12 ತಿಂಗಳ ಬಳಕೆ 3,480 ಯೂನಿಟ್. ನನ್ನ ಸ್ವಂತ ಮನೆಯ ಮೇಲ್ಛಾವಣಿಯಲ್ಲಿ 3 ಕಿ.ವ್ಯಾ. ಘಟಕಕ್ಕೆ ಸಾಕಾಗುವಷ್ಟು ನೆರಳಿಲ್ಲದ ಜಾಗವಿದ್ದು, ನಕಾಶೆ ಲಗತ್ತಿಸಿದೆ. ಬ್ಯಾಟರಿ ಇರುವುದಿಲ್ಲ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದ್ದು, ಅರ್ಜಿ ಸಂಖ್ಯೆ ........ ಇರುತ್ತದೆ. ಯಾವುದೇ ಬಾಕಿ ಇರುವುದಿಲ್ಲ. ಕಾರಣ ಮಂಜೂರಾತಿ ನೀಡಿ, ಘಟಕ ಅಳವಡಿಸಿದ ನಂತರ ಪರಿಶೀಲಿಸಿ ನೆಟ್ ಮೀಟರ್ ಅಳವಡಿಸಿಕೊಡಬೇಕಾಗಿ ಕೋರುತ್ತೇನೆ. ಅರ್ಜಿಯಲ್ಲಿ ಕೊರತೆ ಕಂಡುಬಂದಲ್ಲಿ ಲಿಖಿತವಾಗಿ ತಿಳಿಸಲು ವಿನಂತಿ.

ಲಗತ್ತು: ಇತ್ತೀಚಿನ ಬಿಲ್ ಮತ್ತು ಪಾವತಿ ರಶೀದಿ, ಹೆಸರು ಬದಲಾವಣೆ ಆದೇಶದ ಪ್ರತಿ, ಆಸ್ತಿ ತೆರಿಗೆ ರಶೀದಿ, ಗುರುತಿನ ಚೀಟಿ, ಮೇಲ್ಛಾವಣಿ ನಕಾಶೆ.

ವೆಂಡರ್ ಹೆಸರು, ಪ್ಯಾನಲ್ ಕಂಪನಿ ಹೆಸರು ಬರೀಬೇಕಾ?

ಹಳೇ_ಮೀಟರ್

ಛಲೋ ಬರದೀರಿ. ಕೊರತೆ ಇದ್ರ ಬರದು ತಿಳಿಸ್ರಿ ಅನ್ನೋ ಸಾಲು ಬಿಡಲೇಬ್ಯಾಡ್ರಿ, ಬಾಯಿಮಾತಿನ್ಯಾಗ ಹೇಳಿದ್ದು ಫೈಲಿನ್ಯಾಗ ಇರಲ್ಲ. ಕಂಪನಿ ಹೆಸರು ಈಗ ಬ್ಯಾಡ. ನಾಳೆ ವೆಂಡರ್ ಬದಲಾದ್ರ ಅರ್ಜಿ ತಿದ್ದೋದು ಆಗ್ತದ. ಪ್ಯಾನಲ್ ಸೀರಿಯಲ್ ನಂಬರು, ಇನ್ವರ್ಟರ್ ವಿವರ ಎಲ್ಲಾ ಕೂಡಿಸಿದ ಮ್ಯಾಲ ಕೊಡೋದು. ವೆಂಡರ್ ಮಾತ್ರ ಪೋರ್ಟಲ್‌ನಾಗ ನೋಂದಣಿ ಆದವರೇ ಇರ್ಬೇಕು, ಪ್ಯಾನಲ್ ಒಳಗಿನ ಸೆಲ್ ಸಹಿತ ದೇಶದಾಗೇ ತಯಾರಾದದ್ದು ಅಂತ ಡಿ.ಸಿ.ಆರ್. ಪ್ರಮಾಣಪತ್ರ ಕೊಡ್ಬೇಕು, ಇಲ್ಲಂದ್ರ ಸಬ್ಸಿಡಿ ಇಲ್ಲ. ಕೆಲಸ ಮುಗಿದ ವರದಿ ಕೊಟ್ಟ ದಿನದಿಂದ 15 ದಿನದಾಗ ಚಾಲೂ ಮಾಡಿಕೊಡ್ಬೇಕು ಅಂತ ಅದೇ 2024ರ ನಿಯಮದಾಗ ಅದ, ಆ ವರದಿಗೂ ಸೀಲು ತಗೋರಿ.

ನಕಾಶೆಯೊಳಗ ನೀರಿನ ಟಾಕಿ ಎಲ್ಲದ ಅಂತ ಹಾಕೀರಾ? ಮಾಳಗಿ ಆರ್.ಸಿ.ಸಿ.ನಾ ಫರಸಿದಾ?

ಮಾಳಗಿ_ಮನಿ

ಮುಂದಿನ ಅರ್ಧ ಆರ್.ಸಿ.ಸಿ., ಹಿಂದಿನ ಅರ್ಧ ಶಹಾಬಾದ್ ಫರಸಿ. ಟಾಕಿ ನಡುವ ಅದ, ಕಟ್ಟಿ ಸೇರಿ 6 ಫೂಟ್ ಎತ್ತರ. ಮಗ ಸಾಲಿ ಸೂಟಿ ಅಂತ ಮನ್ಯಾಗೇ ಅದಾನ, ಮುಂಜಾನಿ 9ಕ್ಕ, ಮಧ್ಯಾಹ್ನ 12ಕ್ಕ, 3ಕ್ಕ ಚಾಕ್‌ಪೀಸ್ ಹಿಡ್ಕೊಂಡು ಟಾಕಿ ನೆರಳು ಗೆರಿ ಹೊಡದಾನ. ಮಧ್ಯಾಹ್ನ ನೆರಳು ಟಾಕಿ ಬುಡಕ್ಕೇ ಇರ್ತದ, ಉತ್ತರ ಕಡಿ ಹಿಂದ ಪೂರಾ ಖಾಲಿ ಬಿಸಿಲು. ಅಲ್ಲೇ ಪ್ಯಾನಲ್ ಅಂತ ನಕಾಶೆ ಹಾಕೀನಿ.

ಹಳೇ_ಮೀಟರ್

ಮಗ ಛಲೋ ಕೆಲಸ ಮಾಡ್ಯಾನ, ಆದ್ರ ಅದು ಮೇ ತಿಂಗಳ ನೆರಳು. ಈಗ ಮಧ್ಯಾಹ್ನಕ್ಕ ಸೂರ್ಯ ಕಲಬುರಗಿಯ ನೆತ್ತಿ ಮ್ಯಾಲೇ ಇರ್ತಾನ. ಡಿಸೆಂಬರಿಗೆ ದಕ್ಷಿಣಕ್ಕ ಬಾಗ್ತಾನ, ಆಗ 6 ಫೂಟಿನ ಟಾಕಿ ಮಧ್ಯಾಹ್ನ 12ಕ್ಕೂ ಉತ್ತರ ಕಡಿ 5 ಫೂಟ್ ಸಮೀಪ ನೆರಳು ಚೆಲ್ತದ, ಮುಂಜಾನಿ ಸಂಜೀಕ ಇನ್ನೂ ಉದ್ದ. ಒಂದು ಪ್ಯಾನಲ್ ಮ್ಯಾಲ ನೆರಳು ಬಿದ್ರ ಅದೇ ಸಾಲಿನ್ಯಾಗ ಜೋಡಿಸಿದ ಉಳದವ್ರದ್ದೂ ಕೆಲಸ ಇಳಿಸ್ತದ. ಪ್ಯಾನಲ್ ಟಾಕಿಯ ದಕ್ಷಿಣಕ್ಕ ಬರಂಗ ನಕಾಶೆ ತಿರುಗಿಸ್ರಿ. ನಿಮ್ಮ ಆರ್.ಸಿ.ಸಿ. ಭಾಗ ಯಾವ ಕಡಿ ಅದ? ದಕ್ಷಿಣಕ್ಕಿದ್ರ ಎರಡೂ ಕೆಲಸ ಒಂದೇ ಸಲಕ್ಕ ಆಯ್ತು. ಫರಸಿಗೆ ಡ್ರಿಲ್ ಹೊಡದು ಬೋಲ್ಟ್ ಹಾಕಾಕ ಬಿಡಲೇಬ್ಯಾಡ್ರಿ, ಕಲ್ಲು ಸೀಳ್ತದ, ಮಳಿಗಾಲದಾಗ ಸೋರ್ತದ.

ತೊಗರಿ_ಕಣಜ

ಸರ್ ನಮ್ಮ ಮನಿ ಪೂರಾ ಫರಸಿನೇ ಅದ. ಬೋಲ್ಟ್ ಇಲ್ದ ಗಾಳಿಗೆ ಹ್ಯಾಂಗ ನಿಲ್ತದ? ಹ್ವಾದ ವರ್ಷ ಮುಂಗಾರಿನ ಗಾಳಿಗೆ ನಮ್ಮ ದನದ ಕೊಟ್ಟಿಗಿ ತಗಡೇ ಹಾರಿ ಹೋಗಿತ್ತು.

ಹಳೇ_ಮೀಟರ್

ಸಿಮೆಂಟ್ ಕಾಂಕ್ರೀಟ್ ದಿಂಡು ಎರಕ ಹೊಯ್ದು ಅದ್ರಾಗ ಕಾಲು ನಿಲ್ಲಿಸ್ತಾರ, ತೂಕದ ಮ್ಯಾಲ ನಿಲ್ಲೋದು. ಆದ್ರ ಆ ತೂಕ ಹಳೇ ಫರಸಿ ತಡೀತದಾ ಅನ್ನೋದು ಕೆಳಗಿನ ತೊಲಿ, ಗ್ವಾಡಿ ನೋಡ್ದೇ ನಾ ಹೇಳಂಗಿಲ್ಲ. ಕಟ್ಟಡದ ಇಂಜಿನಿಯರ್ ಒಬ್ಬರನ್ನ ಮಾಳಗಿ ಹತ್ತಿಸಿ ತೋರಿಸ್ರಿ.

ಮಾಳಗಿ_ಮನಿ

ಆರ್.ಸಿ.ಸಿ. ಇರೋದು ದಕ್ಷಿಣಕ್ಕೇ ಸರ್, ಬಾಗಲ ಕಡಿ. ನಕಾಶೆ ತಿರುಗಿಸಿ ಹಾಕಿದೆ, ಆರು ಪ್ಯಾನಲ್ ಎರಡು ಸಾಲು ಕೂಡ್ತಾವ, ಓಡಾಡಾಕ ಮೂರು ಫೂಟ್ ಉಳೀತದ. ಇವತ್ತು ಹೆಸರು ಬದಲಿ ಅರ್ಜಿ ಕೊಟ್ಟು ಬಂದೆ, ತಂಗಿ ನಿನ್ನೇನೇ ಬಂದು ಸಹಿ ಹಾಕಿದ್ಲು. ಪ್ರತಿ ಮ್ಯಾಲ ಸೀಲು, ಆವಕ ನಂಬರ್ ಬಿದ್ದದ. ಅವ್ವನ ಬ್ಯಾಂಕ್ ಪಾಸ್‌ಬುಕ್ಕಿನ್ಯಾಗ ಹೆಸರಿನ ಮುಂದ ಮನಿತನದ ಹೆಸರು ಇಲ್ಲ, ಆಧಾರಿನ್ಯಾಗ ಅದ, ಈಗ ಕಣ್ಣಿಗೆ ಬಿತ್ತು. ನಾಳೆ ಮುಂಜಾನಿ ಬ್ಯಾಂಕಿಗೆ ಅವ್ವನ್ನ ಕರ್ಕೊಂಡು ಹೋಗಿ ಅದನ್ನ ಮೊದಲ ಸರಿ ಮಾಡಿಸ್ತೀನಿ.